ಅಂಗಳಕ್ಕೆ ಪೇವರ್ಸ್ ಹಾಕಿಸ್ತೀರಾ? ಮೊದಲು ಮರಳಿನ ಲೋಡ್ ಎಣಿಸಿ

ಪೇವರ್ಸ್ ಹಾಕಿಸುವವರೆಲ್ಲ ಮೊದಲು ನೋಡುವುದು ಬ್ಲಾಕಿನ ಬಣ್ಣ. ಅದನ್ನು ಆಮೇಲೆ ನೋಡಿ. ಮೊದಲು ಮರಳಿನ ಲೆಕ್ಕ ಹಾಕಿ.

ಸಾಗರದ ನಮ್ಮ ಮನೆಯ ಅಂಗಳ 20 ಅಡಿಗೆ 24 ಅಡಿ, ಅಂದರೆ 480 ಚದರಡಿ. ಬ್ಲಾಕಿನ ಕೆಳಗೆ ಹರಡುವ ಮರಳು ಒಂದೂವರೆ ಇಂಚು ಇದ್ದರೆ ಸಾಕು. ಒಂದೂವರೆ ಇಂಚು ಅಂದರೆ ಅಡಿಯ ಎಂಟನೇ ಒಂದು ಭಾಗ, ಹಾಗಾಗಿ 60 ಘನ ಅಡಿ ಮರಳು. ಚೆಲ್ಲಿದ್ದು, ಅಮುಕಿದ್ದು ಎಲ್ಲ ಸೇರಿಸಿ 75 ಅನ್ನಿ. ನಮಗೆ ಬಂದ ಟ್ರ್ಯಾಕ್ಟರ್ ಲೋಡ್ ಒಂದಕ್ಕೆ ಸುಮಾರು 100 ಘನ ಅಡಿ. ಒಂದೇ ಲೋಡಿನಲ್ಲಿ ಕೆಲಸ ಮುಗಿದು ಇನ್ನೂ ಉಳಿಯಬೇಕಿತ್ತು. ನಮ್ಮಲ್ಲಿ ಎರಡು ಲೋಡ್ ಇಳಿಯಿತು, ಎರಡೂ ಖಾಲಿಯಾಯಿತು. ಅಂದರೆ ಸರಾಸರಿ ಐದು ಇಂಚು ಮರಳು! ಕಂಟ್ರಾಕ್ಟರ್ ಹೇಳಿದ್ದು, "ಮರಳು ಜಾಸ್ತಿ ಇದ್ರೆ ಬ್ಲಾಕ್ ಚೆನ್ನಾಗಿ ಕೂರುತ್ತೆ ಸರ್, ನಿಮಗೇ ಒಳ್ಳೇದು."

ಅಷ್ಟು ಮರಳು ಹೋಗಿದ್ದೆಲ್ಲಿಗೆ ಅಂತ ಆಮೇಲೆ ಗೊತ್ತಾಯಿತು. ಅಂಗಳ ಗೇಟಿನ ಮೂಲೆಯ ಕಡೆಗೆ ತಗ್ಗಾಗಿತ್ತು. ಹಿಂದೆ ಅಲ್ಲಿ ಪೈಪ್‌ಲೈನ್‌ಗೆ ಚರಂಡಿ ತೋಡಿ ಸಡಿಲ ಮಣ್ಣು ಮುಚ್ಚಿದ್ದರು. ಅಂಥ ಜಾಗಕ್ಕೆ ಜಲ್ಲಿ ಹಾಕಿ, ನೀರು ಹೊಡೆದು, ದಮ್ಮಾಸು ಮಾಡಿ ಮಟ್ಟ ತರಬೇಕು. ಅದು ಮೈಮುರಿಯುವ ಕೆಲಸ, ಮೆಷಿನ್ ಬಾಡಿಗೆಯೂ ಬೇಕು. ಇವರು ಮರಳು ಸುರಿದೇ ಮಟ್ಟ ಮಾಡಿಬಿಟ್ಟರು. ಮನೆಯ ಕಡೆ ಎರಡು ಇಂಚು, ಗೇಟಿನ ಮೂಲೆಯಲ್ಲಿ ಎಂಟು ಇಂಚು. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಮುಗಿಸಿದ ದಿನ ಅಂಗಳ ಫೋಟೋ ತೆಗೆಯುವ ಹಾಗೇ ಇತ್ತು.

ಮರಳಿನ ಪದರದ ಕೆಲಸ ಇಷ್ಟೇ: ಬ್ಲಾಕುಗಳ ನಡುವಿನ ಮಿಲಿಮೀಟರ್ ಲೆಕ್ಕದ ಏರುಪೇರನ್ನು ನುಂಗಿಕೊಳ್ಳುವುದು. ಕಾರಿನ ಭಾರ ಹೊರುವುದು ಕೆಳಗಿನ ಜಲ್ಲಿ. ಮರಳು ದಪ್ಪವಾದರೆ ಮೇಲಿನಿಂದ ಪ್ಲೇಟ್ ವೈಬ್ರೇಟರ್ ಓಡಿಸಿದರೂ ತಳದವರೆಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ. ಚಕ್ರ ಬಂದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಒಂದೊಂದು ಕಡೆ ಒಂದೊಂದು ದಪ್ಪ ಇರುವುದು. ಎರಡು ಇಂಚು ಇದ್ದಲ್ಲಿ ಸ್ವಲ್ಪ ಕುಸಿಯುತ್ತದೆ, ಎಂಟು ಇಂಚು ಇದ್ದಲ್ಲಿ ಜಾಸ್ತಿ ಕುಸಿಯುತ್ತದೆ. ಮೊದಲ ಮಳೆಗಾಲದಲ್ಲೇ ಗೇಟಿನಿಂದ ಒಳಗೆ ಎರಡು ಸಾಲು ಹಳ್ಳ ಬಿತ್ತು, ಕಾರಿನ ಚಕ್ರದ ಅಳತೆಗೆ ಸರಿಯಾಗಿ. ಹಳ್ಳದಲ್ಲಿ ನೀರು ನಿಂತಿತು. ಕಾರು ಹೋದಾಗಲೆಲ್ಲ ಸಂದಿಯಿಂದ ಬೂದು ಬಣ್ಣದ ಕೆಸರು ಉಕ್ಕುತ್ತಿತ್ತು. ಅದು ಉಕ್ಕಿದರೆ ತಿಳಿದುಕೊಳ್ಳಿ, ಹಾಕಿರುವ ಮರಳಿನಲ್ಲಿ ಡಸ್ಟ್ ಜಾಸ್ತಿ ಇದೆ, ನೀರು ಕೆಳಗೆ ಇಳಿಯುತ್ತಿಲ್ಲ. ಬ್ಲಾಕಿನ ಕೆಳಗೆ ಬೇಕಾದದ್ದು ಕಾಂಕ್ರೀಟಿಗೆ ಬಳಸುವಂಥ ದಪ್ಪ ಕಾಳಿನ ಎಂ ಸ್ಯಾಂಡ್, ಕ್ರಷರ್ ಡಸ್ಟ್ ಅಲ್ಲ.

ಇನ್ನು ಪ್ಯಾಟರ್ನ್. ನಮ್ಮದು 200 ಮಿಮೀ ಉದ್ದ, 100 ಅಗಲ, 60 ದಪ್ಪದ ಆಯತಾಕಾರದ ಬ್ಲಾಕ್. ಬ್ಲಾಕಿನಲ್ಲಿ ದೋಷ ಇರಲಿಲ್ಲ, ಕಾರು ನಿಲ್ಲಿಸುವ ಮನೆ ಅಂಗಳಕ್ಕೆ ಆ ದಪ್ಪ ಸಾಕು. ಆದರೆ ಜೋಡಿಸಿದ್ದು ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲಾಗಿ, ಅದೂ ಕಾರು ಓಡುವ ದಿಕ್ಕಿಗೇ ಉದ್ದಕ್ಕೆ. ಹೀಗೆ ಹಾಕಿದರೆ ಗೇಟಿನಿಂದ ಮನೆವರೆಗೆ ನೇರ ಸಂದಿಗಳು ಬರುತ್ತವೆ. ಬ್ರೇಕ್ ಹಾಕಿದಾಗ ಇಡೀ ಸಾಲು ಮುಂದಕ್ಕೆ ಜಾರುತ್ತದೆ, ಪಕ್ಕದ ಸಾಲು ತಡೆಯುವುದಿಲ್ಲ. ಸಾಲು ಜೋಡಣೆಯೇ ಬೇಕಿದ್ದರೆ ಆ ನೇರ ಸಂದಿ ಕಾರಿನ ದಿಕ್ಕಿಗೆ ಅಡ್ಡ ಬರಬೇಕು. ಕಾರು ಬರುವ ಜಾಗಕ್ಕೆ ಹೆರಿಂಗ್‌ಬೋನ್ ಇನ್ನೂ ಒಳ್ಳೆಯದು. ಒಂದು ಬ್ಲಾಕ್ ಅಡ್ಡ, ಒಂದು ಉದ್ದ ಬರುವುದರಿಂದ ಯಾವ ದಿಕ್ಕಿಗೂ ಉದ್ದನೆಯ ನೇರ ಸಂದಿ ಇರುವುದಿಲ್ಲ. ಅದನ್ನು ಗೋಡೆಗೆ ನೇರವಾಗಿ ಹಾಕಿಸಿ. 45 ಡಿಗ್ರಿ ಓರೆ ನೋಡಲು ಚೆಂದ, ಆದರೆ ನಾಲ್ಕೂ ಅಂಚಿನಲ್ಲಿ ತ್ರಿಕೋನ ಕಟ್ ಮಾಡುತ್ತಾ ಕೂರಬೇಕು. ಚಿಕ್ಕ ಅಂಗಳಕ್ಕೆ ಆ ಶೋಕಿ ಬೇಡ ಅಂತ ನನ್ನ ಅಭಿಪ್ರಾಯ.

ಅಂಚಿನಲ್ಲಿ ಮಾಡಿದ್ದಂತೂ ನೋಡಬಾರದು. ಕಾಂಪೌಂಡ್ ಪಕ್ಕ ಎರಡು ಇಂಚಿನ ಸಂದಿ ಉಳಿಯಿತು. ಬ್ಲಾಕ್ ಕಟ್ ಮಾಡುವ ಬದಲು ಸುತ್ತಿಗೆಯಲ್ಲಿ ಒಡೆದ ಚೂರು ತುರುಕಿ, ಮೇಲೆ ಸಿಮೆಂಟ್ ಗಾರೆ ಬಳಿದರು. ಗಾರೆ ಬಿರುಕು ಬಿಟ್ಟು ಕಿತ್ತು ಬಂತು. ಗೇಟಿನ ಕಡೆ ಕೊನೆಯ ಸಾಲಿಗೆ ಆಧಾರವೇ ಇರಲಿಲ್ಲ. ಮಳೆ ನೀರಿನ ಜೊತೆ ಕೆಳಗಿನ ಮರಳು ಅಲ್ಲಿಂದ ರಸ್ತೆ ಚರಂಡಿಗೆ ಹರಿಯಿತು. ಒಂದು ಸಾಲು ಸಡಿಲವಾದರೆ ಅದರ ಹಿಂದಿನದ್ದು, ಅದರ ಹಿಂದಿನದ್ದು, ಹೀಗೆ ಬಿಚ್ಚುತ್ತಾ ಬಂತು.

ಕೊನೆಗೆ ಬೇರೆ ಮೇಸ್ತ್ರಿಯನ್ನು ಕರೆಸಿ ಪೂರ್ತಿ ಕಿತ್ತು ಹಾಕಿಸಿದೆವು. ಬ್ಲಾಕ್ ಹೆಚ್ಚಿನವು ಮತ್ತೆ ಬಳಕೆಗೆ ಬಂದವು, ಅದೊಂದೇ ಸಮಾಧಾನ. ಅವರು ಮರಳೆಲ್ಲ ತೆಗೆದು, ಸಡಿಲ ಮಣ್ಣು ಬಗೆದು, ಜಲ್ಲಿ ಮತ್ತು ಡಸ್ಟ್ ಬೆರಕೆಯನ್ನು ಪದರ ಪದರವಾಗಿ ಹಾಕಿ ಅಮುಕಿದರು. ಎಲ್ಲಾ ಕಡೆ ಕನಿಷ್ಠ ನಾಲ್ಕು ಇಂಚು, ತಗ್ಗಿನಲ್ಲಿ ಜಾಸ್ತಿ. ನೀರು ಹರಿಯುವ ಇಳಿಜಾರನ್ನು ಈ ಜಲ್ಲಿಯಲ್ಲೇ ಕೊಟ್ಟರು, 20 ಅಡಿಗೆ ನಾಲ್ಕು ಇಂಚು. ಗೇಟಿನ ಕಡೆ ಕಾಂಕ್ರೀಟ್ ಅಂಚು ಕಟ್ಟಿದರು. ಆಮೇಲೆ ಒಂದೂವರೆ ಇಂಚಿನ ಎರಡು ಚೌಕ ಪೈಪನ್ನು ಜಲ್ಲಿಯ ಮೇಲೆ ಮಲಗಿಸಿ, ನಡುವೆ ಮರಳು ತುಂಬಿ, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದರು. ಪೈಪ್ ತೆಗೆದು ಆ ಗೆರೆಗೂ ಮರಳು ತುಂಬಿದರು. ಎಳೆದ ಮರಳಿನ ಮೇಲೆ ಯಾರನ್ನೂ ಕಾಲಿಡಲು ಬಿಡಲಿಲ್ಲ. ಮರಳಿನ ದಪ್ಪ ಎಲ್ಲ ಕಡೆ ಒಂದೇ ಸಮ ಇರಬೇಕು ಅಂದರೆ ಬೇರೆ ದಾರಿಯೇ ಇಲ್ಲ.

ಗೋಡೆಯ ಪಕ್ಕ ಸುತ್ತಲೂ ಒಂದು ಸಾಲು ಪೂರ್ತಿ ಬ್ಲಾಕನ್ನೇ ಕೂರಿಸಿದರು. ಕಟ್ ಮಾಡಿದ ತುಂಡೆಲ್ಲ ಅದರ ಒಳಗೆ ಬಂತು, ಹಾಗಾಗಿ ಚಿಕ್ಕ ತುಂಡು ಅಂಚಿಗೆ ಬಂದು ಕಿತ್ತು ಹೋಗುವ ಭಯ ಇಲ್ಲ. ಬ್ಲಾಕಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕ ತುಂಡು ಹಾಕುವುದೇ ಇಲ್ಲ ಅಂದರು. ಒಂದು ಕಡೆ 24 ಸೆಂಟಿಮೀಟರ್ ಜಾಗ ಉಳಿದಿತ್ತು. ಒಂದು ಇಡೀ ಬ್ಲಾಕ್ ಇಟ್ಟು ನಾಲ್ಕು ಸೆಂಟಿಮೀಟರ್ ಚೂರು ತುರುಕುವ ಬದಲು ಎರಡು ಬ್ಲಾಕನ್ನು 12ರ ಹತ್ತಿರ ಹತ್ತಿರಕ್ಕೆ ಕಟ್ ಮಾಡಿ ಕೂರಿಸಿದರು. ಎಲ್ಲವೂ ಡೈಮಂಡ್ ಬ್ಲೇಡಿನ ಕಟರ್‌ನಲ್ಲಿ. ಕಡೆಗೆ ವೈಬ್ರೇಟರ್ ಓಡಿಸಿ, ಒಣಗಿದ ಸಣ್ಣ ಮರಳನ್ನು ಸಂದಿಗೆ ಗುಡಿಸಿ, ಮತ್ತೊಮ್ಮೆ ಓಡಿಸಿದರು. ಸಂದಿಗೆ ಸಿಮೆಂಟ್ ಹಾಕಲಿಲ್ಲ. ಹಾಕಿದ್ದರೆ ಬ್ಲಾಕ್ ಸ್ವಲ್ಪ ಅಲುಗಿದ ಕೂಡಲೇ ಬಿರುಕು ಬಿಡುತ್ತಿತ್ತು.

ಮೊದಲ ಕಂಟ್ರಾಕ್ಟರ್‌ಗೆ ಫೋನ್ ಮಾಡಿದರೆ "ಮಣ್ಣು ಕುಸಿದ್ರೆ ನಾವೇನು ಮಾಡೋಕಾಗುತ್ತೆ" ಅಂತ ಇಟ್ಟುಬಿಟ್ಟರು. ಕೊಟೇಶನ್‌ನಲ್ಲಿ ಇದ್ದಿದ್ದು ಚದರಡಿ ರೇಟ್ ಮತ್ತು "ಮರಳು ಸಮೇತ" ಅನ್ನುವ ಎರಡು ಪದ ಮಾತ್ರ. ನಿಮ್ಮ ಕೊಟೇಶನ್‌ನಲ್ಲಿ ಜಲ್ಲಿ ಎಷ್ಟು ಇಂಚು, ಮರಳು ಎಷ್ಟು ಇಂಚು, ಅಂಚಿಗೆ ಏನು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಕೊನೆಯ ಕಂತು ಕೊಡುವ ಮೊದಲು ಮನೆಯ ಹತ್ತಿರ ಒಂದು, ಅತಿ ತಗ್ಗಿನ ಮೂಲೆಯಲ್ಲಿ ಒಂದು ಬ್ಲಾಕ್ ಎತ್ತಲು ಹೇಳಿ. ಒಂದು ತಂತಿಯನ್ನು ಜಲ್ಲಿ ತಾಗುವವರೆಗೆ ಚುಚ್ಚಿ ಅಳೆಯಿರಿ. ಎರಡೂ ಕಡೆ ಒಂದೂವರೆ ಇಂಚಿನ ಒಳಗೆ ಇರಬೇಕು, ವ್ಯತ್ಯಾಸ ಒಂದು ಬೆರಳು ದಪ್ಪವೂ ಇರಬಾರದು. ಎತ್ತಲು ತಕರಾರು ಮಾಡಿದರೆ ಹಣ ತಡೆಹಿಡಿಯಿರಿ.