ಒಂದು ತುದಿ ಬಿಗಿದ ಸರಳೋ, ಎರಡೂ ತುದಿ ಬಿಟ್ಟ ಸರಳೋ?

ಕಾಸರಗೋಡಿನ ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಸರಳಿನ ಕಂಪನ ಅಳೆಯುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ಎರಡೂ ತುದಿ ಬಿಟ್ಟದ್ದನ್ನೇ ಆರಿಸಿ.

6 ಮಿ.ಮೀ. ದಪ್ಪದ ಉಕ್ಕಿನ ಸರಳು ಅಂದುಕೊಳ್ಳಿ. ವೈಸಿನಿಂದ 30 ಸೆಂ.ಮೀ. ಹೊರಗಿಟ್ಟು ಬಿಗಿದು ಮೀಟಿದರೆ ಮೊದಲ ಕಂಪನ ಸುಮಾರು 48 ಹರ್ಟ್ಸ್. ತುದಿ ಅಲುಗುವುದು ಕಣ್ಣಿಗೆ ಚೆಂದ ಕಾಣುತ್ತದೆ. ಆದರೆ ಫೋನಿನ ಮೈಕಿಗೆ ಸಿಗುವುದು ಕಷ್ಟ. ಎರಡನೆಯದು 6.27 ಪಟ್ಟು ಮೇಲೆ, ಸುಮಾರು 298ರಲ್ಲಿ. ಹಿಡಿತ ಸ್ವಲ್ಪ ಸಡಿಲವಿದ್ದರೂ ಆವರ್ತನ ಇಳಿಯುತ್ತದೆ. ಇನ್ನಷ್ಟು ಬಿಗಿದು ಮತ್ತೆ ಅಳೆಯಿರಿ. ಅಂಕಿ ಏರಿದರೆ ಮೊದಲ ಅಳತೆ ತಪ್ಪು ಅಂತಲೇ ಅರ್ಥ.

ಅಷ್ಟೇ ಉದ್ದದ ಸರಳನ್ನು ಬಿಟ್ಟರೆ ಮೊದಲ ಕಂಪನವೇ ಸುಮಾರು 303 ಹರ್ಟ್ಸ್, ಎರಡನೆಯದು ಅದರ 2.76 ಪಟ್ಟು. ಬಿಟ್ಟ ಸರಳಿನ ಮೊದಲನೆಯದು ಬಿಗಿದ ಸರಳಿನ ಎರಡನೆಯದಕ್ಕೆ ಎಷ್ಟು ಹತ್ತಿರ ಬಂತು, ಅಲ್ವಾ!

ಸುಮ್ನೆ ಎಲ್ಲೆಂದರಲ್ಲಿ ಇಡಬೇಡಿ. ಎರಡೂ ತುದಿಯಿಂದ 6.7 ಸೆಂ.ಮೀ. ಒಳಗೆ ರಬ್ಬರ್ ಬ್ಯಾಂಡಿನ ಮೇಲೆ ಮಲಗಿಸಿ. ಮೊದಲ ಕಂಪನದಲ್ಲಿ ಅಲುಗದ ಜಾಗ ಅದೇ. ನಡುವೆ ತಟ್ಟಿದರೆ ನಾದ ಉಳಿಯುತ್ತದೆ. ಬೇಗ ಸತ್ತರೆ ಬ್ಯಾಂಡ್ ಜಾಗ ತಪ್ಪಿದೆ. ಎರಡನೆಯ ಕಂಪನ ಬೇಕಾದರೆ ನಡುವೆ ತಟ್ಟಬೇಡಿ, ಅದು ಅಲ್ಲಿ ಏಳುವುದೇ ಇಲ್ಲ.