ಕಾಲೇಜು ಮೇಲ್, ಮನೆ ಮೇಲ್: ಇನ್‌ಕಾಗ್ನಿಟೋ, ಕಂಟೇನರ್, ಪ್ರೊಫೈಲ್ ಎಲ್ಲ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ರೊಫೈಲ್‌ಗೆ. ಒಂದೇ ಬ್ರೌಸರ್‌ನಲ್ಲಿ ಎರಡು ಜಿಮೇಲ್ ಇಟ್ಟುಕೊಂಡು ಒದ್ದಾಡುತ್ತಿದ್ದರೆ ಕ್ರೋಮ್‌ನಲ್ಲಿ ಎರಡು ಪ್ರೊಫೈಲ್ ಮಾಡಿಕೊಳ್ಳಿ. ಹತ್ತು ನಿಮಿಷದ ಕೆಲಸ, ದುಡ್ಡು ಖರ್ಚಿಲ್ಲ. ನಾನು ಮಾತ್ರ ಅಲ್ಲಿಗೆ ಸೀದಾ ಹೋಗಲಿಲ್ಲ, ಸುಮ್ನೆ ಊರೆಲ್ಲ ಸುತ್ತಿ ಬಂದೆ.

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಾಲೇಜಿನವರು ಕೊಟ್ಟ ಮೇಲ್ ಒಂದು, ಮೊದಲಿನಿಂದ ಇರುವ ನನ್ನ ಸ್ವಂತದ್ದು ಇನ್ನೊಂದು. ಎರಡನ್ನೂ ಒಂದೇ ವಿಂಡೋದಲ್ಲಿ ಲಾಗಿನ್ ಮಾಡಿ, ಬೇಕಾದಾಗ ಮೂಲೆಯಲ್ಲಿರುವ ದುಂಡು ಫೋಟೋ ಒತ್ತಿ ಬದಲಾಯಿಸುತ್ತಿದ್ದೆ. ಎಲ್ಲರೂ ಮಾಡುವುದು ಹೀಗೇ ಅಲ್ವಾ?

ಇಂಟರ್ನಲ್ ಅಂಕ ತುಂಬುವ ವಾರ ಬಂತು. ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರು ಗೂಗಲ್ ಶೀಟ್‌ಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಲಿಂಕ್ ಕಳಿಸಿದ್ದರು. ಲಿಂಕ್ ಒತ್ತಿದರೆ ಒಂದು ಪುಟ ಬರುತ್ತದೆ, ರಿಜಿಸ್ಟರ್ ನಂಬರ್ ಆರಿಸಿ ಅಂಕ ಹಾಕಿದರೆ ಶೀಟ್‌ನಲ್ಲಿ ಕೂರುತ್ತದೆ. ಎಲ್ಲರಿಗೂ ಬಂತು. ನನಗೆ ಮಾತ್ರ ಬಂದದ್ದು ಇದು:

```
Sorry, unable to open the file at this time.
```

"ಸಾರ್, ನನಗೆ ಪರ್ಮಿಷನ್ ಕೊಟ್ಟಿಲ್ಲ ಅನ್ಸುತ್ತೆ" ಅಂದೆ. "ಕೊಟ್ಟಿದೀನಿ ಮೇಡಂ, ಇನ್ನೊಂದ್ಸಲ ನೋಡಿ" ಅಂದರು. ಪಾಪ, ಎರಡು ಸಲ ನನ್ನ ಹೆಸರು ತೆಗೆದು ಮತ್ತೆ ಸೇರಿಸಿದರು. ನಾನು ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ, ಮೊಬೈಲ್ ನೆಟ್ ಹಾಕಿ ನೋಡಿದೆ. ವಿಚಿತ್ರ ಅಂದರೆ ಆ ಶೀಟ್ ಮಾತ್ರ ಚೆನ್ನಾಗಿಯೇ ತೆರೆಯುತ್ತಿತ್ತು, ಸ್ಕ್ರಿಪ್ಟ್ ಪುಟವೊಂದೇ ಮುನಿಸಿಕೊಂಡಿತ್ತು. ಕೊನೆಗೆ ಲ್ಯಾಬ್ ನೋಡಿಕೊಳ್ಳುವ ಹುಡುಗ ಬಂದು "ಇನ್‌ಕಾಗ್ನಿಟೋದಲ್ಲಿ ಕಾಲೇಜು ಐಡಿ ಒಂದೇ ಹಾಕಿ ನೋಡಿ ಮೇಡಂ" ಅಂದ. ಹಾಕಿದೆ. ಹಳೇ ಲಾಗಿನ್ ಯಾವುದೂ ಇಲ್ಲದ ಆ ಖಾಲಿ ವಿಂಡೋದಲ್ಲಿ ಥಟ್ಟನೆ ತೆರೆಯಿತು.

ಇದನ್ನು ನೆನಪಿಟ್ಟುಕೊಳ್ಳಿ, ಪತ್ತೆ ಹಚ್ಚುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮಾಮೂಲಿ ವಿಂಡೋದಲ್ಲಿ ಬರದ್ದು ಇನ್‌ಕಾಗ್ನಿಟೋದಲ್ಲಿ ಒಂದೇ ಐಡಿ ಹಾಕಿದಾಗ ಬಂದರೆ ಪರ್ಮಿಷನ್ ಸರಿ ಇದೆ ಅಂತ ಅರ್ಥ. ಬಹುಪಾಲು ಸಲ ಕಾರಣ ಅಕೌಂಟ್ ಕಲಸಿಹೋಗಿರುವುದು. ಕೆಲವೊಮ್ಮೆ ಬ್ರೌಸರ್‌ಗೆ ನಾವೇ ಸೇರಿಸಿಕೊಂಡ ಎಕ್ಸ್‌ಟೆನ್ಶನ್ ಕೂಡ ಹೀಗೆ ಆಟ ಆಡಿಸುತ್ತದೆ, ಯಾಕೆಂದರೆ ಇನ್‌ಕಾಗ್ನಿಟೋದಲ್ಲಿ ಅವು ತಾವಾಗಿ ಓಡುವುದಿಲ್ಲ.

ಕಲಸಿಹೋಗುವುದು ಹೇಗೆ ಅಂತ ಅಡ್ರೆಸ್ ಬಾರ್‌ನಲ್ಲೇ ಕಾಣುತ್ತದೆ. ಮೊದಲು ಲಾಗಿನ್ ಆದ ಅಕೌಂಟಿಗೆ ಸೊನ್ನೆ, ಎರಡನೆಯದಕ್ಕೆ ಒಂದು.

```
mail.google.com/mail/u/0/
mail.google.com/mail/u/1/
```

ಬೇರೆಯವರು ಕಳಿಸುವ ಲಿಂಕ್‌ನಲ್ಲಿ ಈ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ. ಆಗ ಸೊನ್ನೆ ನಂಬರಿನವರದೇ ಯಜಮಾನಿಕೆ. ಡಾಕ್ಸ್, ಶೀಟ್‌ನಂಥವು ಎಷ್ಟೋ ಸಲ ಸರಿಯಾದ ಅಕೌಂಟ್ ಹುಡುಕಿಕೊಳ್ಳುತ್ತವೆ, ಇಲ್ಲವೇ ಅಕೌಂಟ್ ಬದಲಾಯಿಸಿ ಅನ್ನುತ್ತವೆ. ನಮ್ಮ ಸಹೋದ್ಯೋಗಿ ಮಾಡಿದಂಥ, ಗೂಗಲ್‌ನ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಬರೆದ ಪುಟಗಳಿಗೆ ಆ ಜಾಣತನ ಇಲ್ಲ. ಒಂದಕ್ಕಿಂತ ಜಾಸ್ತಿ ಅಕೌಂಟ್ ಲಾಗಿನ್ ಆಗಿದ್ದರೆ ಎಡವುತ್ತವೆ. ನನ್ನಲ್ಲಿ ಸೊನ್ನೆ ನಂಬರ್ ಮನೆ ಮೇಲ್‌ದಾಗಿತ್ತು.

ಹಾಗಾದರೆ ಕಾಲೇಜಿನದನ್ನೇ ಸೊನ್ನೆ ಮಾಡಿದರಾಯಿತು ಅಂದುಕೊಂಡೆ. ಎಲ್ಲದರಿಂದ ಲಾಗೌಟ್ ಆಗಿ, ಮೊದಲು ಕಾಲೇಜು, ಆಮೇಲೆ ಮನೆ. ಅಂಕ ತುಂಬಿದ್ದಾಯಿತು. ಮಾರನೇ ದಿನ ಮಗಳ ಸ್ಕೂಲಿಂದ ಒಂದು ಫಾರ್ಮ್ ಬಂತು, ತುಂಬಿ ಕಳಿಸಿದೆ. ವಾರ ಕಳೆದರೂ ಉತ್ತರ ಇಲ್ಲ. ನೋಡಿದರೆ ಫಾರ್ಮ್ ಕಾಲೇಜು ಐಡಿಯಿಂದ ಹೋಗಿದೆ, ಅದಕ್ಕೆ ಬಂದ ಉತ್ತರ ಕಾಲೇಜು ಮೇಲ್‌ನಲ್ಲಿ ಸರ್ಕ್ಯುಲರ್‌ಗಳ ಅಡಿಯಲ್ಲಿ ಕೂತಿದೆ. ಅದೂ ಸಾಲದು ಅಂತ, ನಾನು ಬುಕ್‌ಮಾರ್ಕ್ ಮಾಡಿಟ್ಟಿದ್ದ ಲಿಂಕ್‌ಗಳಲ್ಲಿ ಹಳೇ ನಂಬರ್ ಇತ್ತು. ಮನೆ ಖರ್ಚಿನ ಫೋಲ್ಡರ್ ಒತ್ತಿದರೆ ಕಾಲೇಜು ಡ್ರೈವ್‌ಗೆ ಹೋಗುತ್ತಿತ್ತು. ನಂಬರ್ ಅಕೌಂಟಿಗೆ ಅಂಟಿಕೊಂಡಿರುವುದಿಲ್ಲ, ಲಾಗಿನ್ ಆದ ಸರದಿಗೆ ಅಂಟಿಕೊಂಡಿರುತ್ತದೆ. ಯಾರು ಲಾಗಿನ್ ಆಗಿದ್ದಾರೆ ಅಂತ ಸೈಟ್ ಬ್ರೌಸರ್‌ನಲ್ಲಿ ಬರೆದಿಡುವ ಕುಕಿ ಅಳಿಸಿ ಮತ್ತೆ ಲಾಗಿನ್ ಆದಾಗಲೂ ಅಷ್ಟೇ, ಸರದಿ ಬದಲಾದರೆ ನಂಬರೂ ಬದಲು.

ಆಮೇಲೆ ಕೆಲವು ದಿನ ಇನ್‌ಕಾಗ್ನಿಟೋದಲ್ಲೇ ಕಾಲೇಜು ಕೆಲಸ ಮಾಡಿದೆ. ವಿಂಡೋ ಮುಚ್ಚಿದರೆ ಲಾಗೌಟ್, ತೆರೆದರೆ ಮತ್ತೆ ಪಾಸ್‌ವರ್ಡ್, ಮತ್ತೆ ಫೋನ್‌ನಲ್ಲಿ "ನಾನೇ" ಅಂತ ಒತ್ತಬೇಕು. ಎರಡು ಇನ್‌ಕಾಗ್ನಿಟೋ ವಿಂಡೋ ತೆರೆದರೆ ಎರಡೂ ಬೇರೆ ಅಂತ ತಿಳಿಯಬೇಡಿ, ಅವೆರಡಕ್ಕೂ ಕುಕಿ ಡಬ್ಬ ಒಂದೇ. ಪರೀಕ್ಷೆ ಮಾಡಿ ನೋಡಲು ಸರಿ, ಸಂಸಾರ ಹೂಡಲು ಅಲ್ಲ.

ಫೈರ್‌ಫಾಕ್ಸ್ ಕಂಟೇನರ್ ಮಾತ್ರ ನನಗೆ ನಿಜವಾಗಿ ಇಷ್ಟವಾಗಿತ್ತು. ಮೊಜಿಲ್ಲಾದವರದೇ ಎಕ್ಸ್‌ಟೆನ್ಶನ್, ಹೆಸರು `Multi-Account Containers`. ಒಂದೇ ವಿಂಡೋ, ಟ್ಯಾಬ್‌ಗೆ ಒಂದು ಬಣ್ಣದ ಗೆರೆ. ನೀಲಿ ಗೆರೆಯವು ಮನೆ, ಕಿತ್ತಳೆಯವು ಕಾಲೇಜು. ಪ್ರತಿ ಬಣ್ಣಕ್ಕೆ ಕುಕಿ ಬೇರೆ, ಹಾಗಾಗಿ ಎರಡೂ ಅಕೌಂಟ್ ತಮ್ಮ ತಮ್ಮಲ್ಲೇ ಸೊನ್ನೆ ನಂಬರ್. ಪಕ್ಕಪಕ್ಕದ ಟ್ಯಾಬ್‌ನಲ್ಲಿ ಎರಡೂ ಇನ್‌ಬಾಕ್ಸ್ ನೋಡುವ ಖುಷಿ ಬೇರೇನೇ.

ತೊಡಕು ಬಂದದ್ದು ಲಿಂಕ್‌ನಲ್ಲಿ. ಈ ಸೈಟ್ ಯಾವಾಗಲೂ ಈ ಕಂಟೇನರ್‌ನಲ್ಲೇ ತೆರೆಯಲಿ ಅಂತ ಗೊತ್ತು ಮಾಡಬಹುದು. ಬ್ಯಾಂಕಿಗೆ ಒಂದು, ಶಾಪಿಂಗ್‌ಗೆ ಒಂದು ಅಂತ ಇಡುವವರಿಗೆ ಇದು ಬಂಗಾರ. ನನ್ನದು ಎರಡೂ ಒಂದೇ ಸೈಟ್! ಸೈಟ್‌ನ ಹೆಸರು ನೋಡಿ ಫೈರ್‌ಫಾಕ್ಸ್ ಇದು ಕಾಲೇಜಿನ ಡಾಕ್ಯುಮೆಂಟೋ ಮನೆಯದ್ದೋ ಅಂತ ಹೇಗೆ ಹೇಳುತ್ತದೆ? ಒಂದು ಸೈಟನ್ನು ಒಂದೇ ಕಂಟೇನರ್‌ಗೆ ಕಟ್ಟಲು ಸಾಧ್ಯ. ಕಾಲೇಜಿಗೆ ಕಟ್ಟಿದರೆ ಮನೆ ಕಡೆಯಿಂದ ತೆರೆದಾಗಲೆಲ್ಲ ಮಧ್ಯೆ ನಿಂತು "ಇಲ್ಲೋ, ಅಲ್ಲೋ" ಅಂತ ಕೇಳುತ್ತದೆ. ಕಟ್ಟದೆ ಬಿಟ್ಟರೆ ಹೊರಗಿಂದ ಬಂದ ಲಿಂಕ್ ಯಾವ ಕಂಟೇನರೂ ಇಲ್ಲದ ಟ್ಯಾಬ್‌ನಲ್ಲಿ ತೆರೆದು ಲಾಗಿನ್ ಕೇಳುತ್ತದೆ, ಅವಸರದಲ್ಲಿ ಲಾಗಿನ್ ಆಗಿಬಿಡುತ್ತೇನೆ, ಆಮೇಲೆ ಮೂರು ಕಡೆ ಎರಡು ಅಕೌಂಟ್ ಆಗಿ ಮೊದಲಿಗಿಂತ ದೊಡ್ಡ ಗೋಜಲು. ಇನ್ನು ಪಾಸ್‌ವರ್ಡ್, ಹಿಸ್ಟರಿ, ಬುಕ್‌ಮಾರ್ಕ್ ಎಲ್ಲ ಕಂಟೇನರ್‌ಗಳಿಗೂ ಒಂದೇ.

ಬೇರೆ ಬ್ರೌಸರ್ ಹಾಕಿಕೊಂಡು ಅದರಲ್ಲಿ ಕಾಲೇಜು? ಅದೂ ಕೆಲಸ ಮಾಡುತ್ತದೆ, ನನಗೆ ಒಗ್ಗಲಿಲ್ಲ.

ಪ್ರೊಫೈಲ್ ಅಂದರೆ ಒಂದೇ ಕ್ರೋಮ್ ಒಳಗೆ ಎರಡು ಮನೆ, ಅಡುಗೆಮನೆಯೂ ಬೇರೆ. ಕುಕಿ, ಬುಕ್‌ಮಾರ್ಕ್, ಪಾಸ್‌ವರ್ಡ್, ಎಕ್ಸ್‌ಟೆನ್ಶನ್ ಎಲ್ಲ ಬೇರೆ ಬೇರೆ. ಬಲಗಡೆ ಮೇಲಿನ ಪ್ರೊಫೈಲ್ ಗುಂಡಿ ಒತ್ತಿ ಹೊಸ ಪ್ರೊಫೈಲ್ ಸೇರಿಸಿ, ಹೆಸರು ಕೊಟ್ಟು, ಎದ್ದು ಕಾಣುವ ಬಣ್ಣ ಆರಿಸಿ. ನನ್ನ ಕಾಲೇಜು ವಿಂಡೋ ಕಡು ಹಸಿರು. ಅಲ್ಲಿ ಕಾಲೇಜು ಐಡಿ ಒಂದೇ ಲಾಗಿನ್ ಮಾಡಿ.

ತುಂಬ ಜನ ಇಲ್ಲಿಗೆ ನಿಲ್ಲಿಸಿ "ಪ್ರೊಫೈಲ್ ಮಾಡಿದರೂ ಕಲಸುತ್ತೆ" ಅಂತ ಗೊಣಗುತ್ತಾರೆ. ಇನ್ನರ್ಧ ಕೆಲಸ ಬಾಕಿ ಇದೆ. ಹಳೇ ಪ್ರೊಫೈಲ್‌ಗೆ ವಾಪಸ್ ಹೋಗಿ, ಎಲ್ಲ ಅಕೌಂಟ್‌ನಿಂದ ಲಾಗೌಟ್ ಆಗಿ, ಮನೆ ಐಡಿ ಒಂದನ್ನೇ ಮತ್ತೆ ಹಾಕಬೇಕು. ಲಾಗಿನ್ ಪಟ್ಟಿಯಲ್ಲಿ ಉಳಿದಿರುವ ಕಾಲೇಜು ಐಡಿಯನ್ನೂ ಅಲ್ಲಿಂದ ತೆಗೆದುಹಾಕಿ. ಆಮೇಲೆ ಎರಡೂ ಕಡೆ ಜಿಮೇಲ್ ತೆರೆದು ನೋಡಿ, ಎರಡರಲ್ಲೂ `/u/0/` ಇರಬೇಕು. ಎಲ್ಲಾದರೂ `/u/1/` ಕಂಡರೆ ಆ ಮನೆಯಲ್ಲಿ ಇನ್ನೂ ಇಬ್ಬರಿದ್ದಾರೆ ಅಂತ ಲೆಕ್ಕ.

ಎರಡು ಅಕೌಂಟ್ ಒಟ್ಟಿಗೆ ಇಡಲು ಬಿಡದ ಸೈಟ್‌ಗಳಲ್ಲಿ ಪ್ರೊಫೈಲ್ ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ನಾನು ಒಂದು ಪೋರ್ಟಲ್‌ನಲ್ಲಿ ಎರಡು ಐಡಿ ಬಳಸಬೇಕಾಗುತ್ತದೆ. ಎರಡನೇ ಟ್ಯಾಬ್‌ನಲ್ಲಿ ಎರಡನೇ ಐಡಿ ಹಾಕಿದ ಕೂಡಲೇ ಮೊದಲನೆಯದರ ಕುಕಿ ಮೇಲೆ ಹೊಸದು ಕೂತುಬಿಡುತ್ತದೆ. ಮೊದಲ ಟ್ಯಾಬ್ ಮಾತ್ರ ಏನೂ ಆಗದವರಂತೆ ಹಳೇ ಹೆಸರನ್ನೇ ತೋರಿಸುತ್ತಾ ಇರುತ್ತದೆ. ಅಲ್ಲಿ ಸಬ್‌ಮಿಟ್ ಒತ್ತಿದರೆ ಹೋಗುವುದು ಹೊಸ ಐಡಿಯ ಹೆಸರಿನಲ್ಲಿ! ಅನುಮಾನ ಬಂದರೆ ಒತ್ತುವ ಮುಂಚೆ ಪೋರ್ಟಲ್‌ನ ಮುಖಪುಟವನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆಯಿರಿ, ನಿಜವಾಗಿ ಯಾರು ಲಾಗಿನ್ ಆಗಿದ್ದಾರೆ ಅಂತ ಹೆಸರು ಕಾಣುತ್ತದೆ.

ಪ್ರೊಫೈಲ್‌ನಲ್ಲೂ ಒಂದು ಕಿರಿಕಿರಿ ಇದೆ, ಮುಚ್ಚಿಡುವುದಿಲ್ಲ. ವಾಟ್ಸಾಪ್ ಆ್ಯಪ್‌ನಲ್ಲೋ ಪಿಡಿಎಫ್‌ನಲ್ಲೋ ಇರುವ ಲಿಂಕ್ ಒತ್ತಿದರೆ, ನೀವು ಕೊನೆಗೆ ಬಳಸಿದ ವಿಂಡೋ ಯಾವುದೋ ಅದರಲ್ಲೇ ತೆರೆಯುತ್ತದೆ. ಹಸಿರು ವಿಂಡೋದಲ್ಲಿ ಇದ್ದು ಎದ್ದು ಬಂದು ನಾದಿನಿ ಕಳಿಸಿದ ಫೋಟೋ ಲಿಂಕ್ ಒತ್ತಿದರೆ ಅದು ಕಾಲೇಜು ಕಡೆ. ಮೊದಲ ವಾರ ಇದರಲ್ಲೇ ತಲೆ ಕೆಟ್ಟಿತು. ಆಮೇಲೆ ಆ್ಯಪ್ ಬಿಟ್ಟು ವಾಟ್ಸಾಪ್ ವೆಬ್ ಅನ್ನು ಮನೆ ಪ್ರೊಫೈಲ್ ಒಳಗೇ ತೆರೆದಿಟ್ಟೆ. ಅಲ್ಲಿ ಒತ್ತಿದ ಲಿಂಕ್ ಅಲ್ಲೇ ತೆರೆಯುತ್ತದೆ. ಕಾಲೇಜು ಗ್ರೂಪಿನ ಲಿಂಕ್ ಆದರೆ ಬಲ ಕ್ಲಿಕ್ ಮಾಡಿ `Open link as` ಅಂತ ಇರುವಲ್ಲಿ ಕಾಲೇಜು ಪ್ರೊಫೈಲ್ ಆರಿಸುತ್ತೇನೆ. ಎರಡೂ ವಿಂಡೋ ತೆರೆದಿದ್ದರೆ ಇದು ಸಲೀಸು.

ಟಾಸ್ಕ್‌ಬಾರ್‌ನಲ್ಲಿ ಎರಡಕ್ಕೂ ಬೇರೆ ಶಾರ್ಟ್‌ಕಟ್ ಇಟ್ಟಿದ್ದೇನೆ. ವಿಂಡೋಸ್‌ನಲ್ಲಿ ಶಾರ್ಟ್‌ಕಟ್‌ನ ಟಾರ್ಗೆಟ್ ಕೊನೆಗೆ ಇದು ಇರುತ್ತದೆ:

```
--profile-directory="Profile 1"
```

ಇಲ್ಲಿ ನೀವು ಕೊಟ್ಟ ಹೆಸರು ನಡೆಯುವುದಿಲ್ಲ, ಫೋಲ್ಡರ್ ಹೆಸರೇ ಬೇಕು. ಆ ಪ್ರೊಫೈಲ್‌ನಲ್ಲಿ `chrome://version` ತೆರೆದರೆ `Profile Path` ಸಾಲಿನ ತುದಿಯಲ್ಲಿ ಸಿಗುತ್ತದೆ.

ಪ್ರೊಫೈಲ್‌ಗೆ ಬೀಗ ಇಲ್ಲ. ಲ್ಯಾಪ್‌ಟಾಪ್ ಮುಂದೆ ಕೂತವರು ಯಾರು ಬೇಕಾದರೂ ಆ ಕಡೆ ಹೋಗಬಹುದು, ಅದಕ್ಕೇ ಮಗಳಿಗೆ ವಿಂಡೋಸ್‌ನಲ್ಲೇ ಬೇರೆ ಯೂಸರ್ ಮಾಡಿಕೊಟ್ಟೆ. ಕಾಲೇಜು ಐಡಿಯಿಂದ ಕ್ರೋಮ್‌ಗೇ ಸೈನ್ ಇನ್ ಆದರೆ ಆ ಪ್ರೊಫೈಲ್‌ಗೆ ಕಾಲೇಜಿನ ಅಡ್ಮಿನ್ ನಿಯಮ ಹಾಕಬಹುದು. ಏನೇನು ಹಾಕಿದ್ದಾರೆ ಅಂತ `chrome://policy` ತೋರಿಸುತ್ತದೆ. ನಾನಂತೂ ಬ್ಯಾಂಕ್ ಪಾಸ್‌ವರ್ಡ್ ಆ ಕಡೆ ಇಡುವುದಿಲ್ಲ.

ಎರಡು ಪ್ರೊಫೈಲ್ ಒಟ್ಟಿಗೆ ತೆರೆದರೆ ಮೆಮೊರಿ ಜಾಸ್ತಿ ತಿನ್ನುತ್ತದೆ. ಎಕ್ಸ್‌ಟೆನ್ಶನ್‌ಗಳು ಎರಡೂ ಕಡೆ ಬೇರೆ ಬೇರೆ ಓಡುತ್ತವೆ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಗೊತ್ತಾಗುವುದಿಲ್ಲ, ಸ್ಟಾಫ್ ರೂಮಿನ 4 ಜಿಬಿ ಕಂಪ್ಯೂಟರ್‌ನಲ್ಲಿ ಎರಡೂ ತೆರೆದರೆ ಆಮೆ. ಅಲ್ಲಿ ಇವತ್ತಿಗೂ ಫೈರ್‌ಫಾಕ್ಸ್ ಕಂಟೇನರ್ ಬಳಸುತ್ತೇನೆ, ಲಿಂಕ್‌ಗಳನ್ನು ಕಾಪಿ ಮಾಡಿ ಸರಿಯಾದ ಬಣ್ಣದ ಟ್ಯಾಬ್‌ನಲ್ಲಿ ಅಂಟಿಸಿಕೊಂಡು.

ಮನೆಯಲ್ಲಿ ಮಾತ್ರ ಹಸಿರು ವಿಂಡೋ ಶನಿವಾರ ಮಧ್ಯಾಹ್ನ ಮುಚ್ಚಿದರೆ ಸೋಮವಾರವೇ ತೆಗೆಯುವುದು. ಹೋದ ಭಾನುವಾರ ಒಂದು ಸರ್ಕ್ಯುಲರ್ ನೋಡಲು ಅಂತ ತೆಗೆದೆ, ನಮ್ಮವರು ದೋಸೆ ತಟ್ಟೆ ಹಿಡಿದುಕೊಂಡು ಹಿಂದಿನಿಂದ ಹೋಗುವಾಗ "ಏನು, ಇವತ್ತೂ ಹಸಿರಾ?" ಅಂದರು.