ಗೆದ್ದಲಿಗೆ ಹತ್ತು ವರ್ಷ ಗ್ಯಾರಂಟಿ: ಆ ಕಾಗದ ನಂಬುವ ಮೊದಲು ಇದನ್ನು ಓದಿ

ಮನೆ ಕಟ್ಟಲು ಹೊರಟವರು ದಯವಿಟ್ಟು ಪೂರ್ತಿ ಓದಿ. ಪಾಯದ ಮಣ್ಣಿಗೆ ಗೆದ್ದಲು ಔಷಧಿ ಹೊಡೆಸಿದ್ದೇವೆ, ಹತ್ತು ವರ್ಷದ ಗ್ಯಾರಂಟಿ ಕಾಗದ ಬೀರುವಿನಲ್ಲಿದೆ, ಇನ್ನು ಚಿಂತೆಯಿಲ್ಲ ಎಂದು ಕೂರಬೇಡಿ. ತುಮಕೂರಿನ ಹೊರಬಡಾವಣೆಯಲ್ಲಿರುವ ನಮ್ಮ ಮನೆಗೆ ಐದನೇ ವರ್ಷಕ್ಕೇ ಗೆದ್ದಲು ಬಂತು.

ಮೊದಲು ಕಂಡಿದ್ದು ಬಾತ್‌ರೂಮಿಗೆ ತಾಗಿಕೊಂಡಿರುವ ವಾರ್ಡ್‌ರೋಬಿನಲ್ಲಿ. ಸೀರೆಗಳನ್ನು ಹೊರಗೆ ತೆಗೆದಾಗ ಹಿಂದಿನ ಪ್ಲೈವುಡ್ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ಕೆಳಗಿನಿಂದ ಮೇಲಕ್ಕೆ ಹೋಗಿತ್ತು. ಕೆರೆದು ನೋಡಿದರೆ ಒಳಗೆ ಬಿಳಿ ಹುಳ ಓಡಾಡುತ್ತಿದ್ದವು. ಆಮೇಲೆ ಬಾತ್‌ರೂಮಿನ ಬಾಗಿಲ ಚೌಕಟ್ಟನ್ನು ಬೆರಳಿನಿಂದ ಒತ್ತಿದೆವು. ಪೇಂಟು ಹೊಸದರಂತೆಯೇ ಇತ್ತು, ಬೆರಳು ಮಾತ್ರ ಒಳಕ್ಕೇ ಹೋಯಿತು. ಮರವೆಲ್ಲ ಖಾಲಿಯಾಗಿ ಬರೀ ಬಣ್ಣದ ಸಿಪ್ಪೆ ನಿಂತಿತ್ತು.

ಔಷಧಿ ಹೊಡೆದ ಸಂಸ್ಥೆಗೆ ಫೋನ್ ಮಾಡಿದೆವು. ಬಂದವರು ಗ್ಯಾರಂಟಿ ಕಾಗದದ ಕೊನೆಯ ಸಾಲು ತೋರಿಸಿದರು: ಔಷಧಿ ಹಾಕಿದ ಮಣ್ಣನ್ನು ಆಮೇಲೆ ಯಾರಾದರೂ ಕದಲಿಸಿದ್ದರೆ ಗ್ಯಾರಂಟಿ ಅನ್ವಯಿಸುವುದಿಲ್ಲ. "ಪ್ಲಂಬರ್ ಅಗೆದಿದ್ದಾರೆ ಸಾರ್, ನಾವೇನು ಮಾಡೋಕಾಗತ್ತೆ?" ಅಂದರು. ಬಾತ್‌ರೂಮ್ ಇದ್ದ ಮೇಲೆ ಪೈಪ್ ಹಾಕಲು ಅಗೆಯಲೇಬೇಕಲ್ವಾ? ಅದು ಅವರಿಗೆ ಮೊದಲ ದಿನವೇ ಗೊತ್ತಿರುತ್ತದೆ. ಔಷಧಿ ಹೊಡೆಯುವ ದಿನ ಯಾರೂ ಆ ಮಾತು ಎತ್ತಲಿಲ್ಲ.

ಈ ಔಷಧಿ ಕೆಲಸ ಮಾಡುವ ರೀತಿಯೇ ಹಾಗೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಬಿದ್ದಲ್ಲೇ ಉಳಿಯುತ್ತದೆ, ಪಕ್ಕಕ್ಕೆ ಅಷ್ಟಾಗಿ ಹರಡುವುದಿಲ್ಲ. ಔಷಧಿ ಬಿದ್ದಿರುವುದು ಮೇಲಿನ ಕೆಲವು ಇಂಚು ಮಣ್ಣಿಗೆ ಅಷ್ಟೇ. ಅದರ ಮಧ್ಯೆ ಒಂದು ಕಾಲುವೆ ತೋಡಿ, ಪೈಪ್ ಇಟ್ಟು, ಔಷಧಿ ತಾಗದ ಅಡಿಯ ಮಣ್ಣನ್ನೇ ಮೇಲೆ ಮುಚ್ಚಿದರೆ ಅಷ್ಟಗಲ ಗೆದ್ದಲಿಗೆ ದಾರಿ ಬಿಟ್ಟಂತೆ. ನಮ್ಮಲ್ಲಿ ಮೊದಲು ತೆಂಗಿನ ತೋಟವಿದ್ದ ಜಾಗ ಬೇರೆ. ಹಳೆಯ ಬುಡ, ಬೇರು ಮಣ್ಣಿನಲ್ಲಿದ್ದರೆ ಗೆದ್ದಲಿನ ಗೂಡು ಅಲ್ಲೇ ಇರಬಹುದು.

ಪ್ಲಂಬರ್ ಅಗೆದಿದ್ದು ಒಂದು ಕಾರಣ. ಇನ್ನೊಂದು ಗೊತ್ತಾಗಿದ್ದು ಆಗ ತೆಗೆದ ಫೋಟೋದಿಂದ. ಅದರಲ್ಲಿ 200 ಲೀಟರಿನ ಒಂದು ಡ್ರಮ್, ಪಕ್ಕದಲ್ಲಿ ಕ್ಲೋರ್‌ಪೈರಿಫಾಸ್ 20 ಪರ್ಸೆಂಟಿನ ಒಂದೇ ಒಂದು 5 ಲೀಟರ್ ಕ್ಯಾನ್. ಇಷ್ಟರಲ್ಲೇ ಪ್ಲಿಂತ್ ಪೂರ್ತಿ ಮುಗಿಸಿದ್ದರು.

ಲೆಕ್ಕ ಹಾಕಿ ನೋಡಿ. ಈ ಕೆಲಸಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವಿದೆ. ಪ್ಲಿಂತ್ ಒಳಗೆ ತುಂಬಿಸಿ ದಮ್ಮಸ್ಸು ಮಾಡಿದ ಮಣ್ಣಿನ ಮೇಲೆ ಚದರ ಮೀಟರಿಗೆ 5 ಲೀಟರ್ ಔಷಧಿ ನೀರು ಬೀಳಬೇಕು. ನಮ್ಮದು ಸುಮಾರು 900 ಚದರ ಅಡಿ, ಅಂದರೆ 84 ಚದರ ಮೀಟರ್. ಹಾಗಾದರೆ 420 ಲೀಟರ್ ಬೇಕು. ಈ ಔಷಧಿಯನ್ನು 1 ಲೀಟರಿಗೆ 19 ಲೀಟರ್ ನೀರು ಬೆರೆಸಿ ಬಳಸಬೇಕು. ಆಗಲೇ ಒಂದು ಪರ್ಸೆಂಟ್ ತೀಕ್ಷ್ಣತೆ ಬರುವುದು. ಲೆಕ್ಕಕ್ಕೆ 21 ಲೀಟರ್ ಔಷಧಿ ಆಯಿತು. ನಮಗೆ ಬಿದ್ದಿದ್ದು 5 ಲೀಟರ್, ಅಂದರೆ ಕಾಲು ಭಾಗವೂ ಇಲ್ಲ. ಇದು ಪ್ಲಿಂತ್ ಮೇಲ್ಮೈಯದು ಮಾತ್ರ. ಪಾಯದ ಗುಂಡಿ, ಗೋಡೆ ಪಕ್ಕ ತುಂಬಿಸುವ ಮಣ್ಣು, ಮನೆಯ ಹೊರಸುತ್ತು, ಇವಕ್ಕೆಲ್ಲ ಬೇರೆ ಲೆಕ್ಕ.

ಆದ್ದರಿಂದ ಔಷಧಿ ಹೊಡೆಯುವ ದಿನ ನೀವೇ ನಿಂತು ಡ್ರಮ್ ಎಣಿಸಿ. ಸೀಲ್ ಒಡೆಯದ ಕ್ಯಾನ್ ನಿಮ್ಮ ಮುಂದೆಯೇ ಒಡೆಯಲಿ. ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ 16 ಲೀಟರಿನದಾದರೆ 420 ಲೀಟರಿಗೆ ಅದನ್ನು 26 ಸಲಕ್ಕಿಂತ ಜಾಸ್ತಿ ತುಂಬಬೇಕು. ಅರ್ಧ ಗಂಟೆಯಲ್ಲಿ ಒಬ್ಬ ಹುಡುಗ ಸುತ್ತು ಹೊಡೆದು ಹೊರಟರೆ ಮಣ್ಣಿನ ಮೇಲ್ಗಡೆ ಮಾತ್ರ ಒದ್ದೆಯಾಗಿರುತ್ತದೆ. ಬೇರೆ ಔಷಧಿ ತಂದರೆ ಬೆರೆಸುವ ಅಳತೆ ಬೇರೆ, ಅದನ್ನು ಕ್ಯಾನಿನ ಲೇಬಲ್ ನೋಡಿಯೇ ಕೇಳಿ. ಔಷಧಿ ನೀರಿನ ಒಟ್ಟು ಪ್ರಮಾಣ ಮಾತ್ರ ಕಡಿಮೆಯಾಗಬಾರದು.

ಇನ್ನು ಎಷ್ಟು ವರ್ಷ ಬಾಳುತ್ತದೆ ಎನ್ನುವುದು. ನಮ್ಮ ಹಿರಿಯರು "ಒಂದ್ಸಲ ಹೊಡೆಸಿದ್ರೆ ಆಯ್ತು" ಎನ್ನುತ್ತಿದ್ದದ್ದಕ್ಕೆ ಕಾರಣವಿದೆ. ಆಗಿನ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತಿದ್ದವು. ಹಾಗೆ ಉಳಿದು ಜನರ ಮೈಗೂ ಸೇರುತ್ತವೆ ಎಂದೇ ಅವುಗಳನ್ನು ನಿಷೇಧಿಸಿದ್ದಾರೆ. ಈಗಿನವು ಕೆಲವು ವರ್ಷಗಳಲ್ಲಿ ಮಣ್ಣಿನಲ್ಲೇ ಒಡೆದುಹೋಗುವ ಔಷಧಿಗಳು. ಅಮೆರಿಕದಲ್ಲಿ ಅರಣ್ಯ ಇಲಾಖೆಯವರು ಬೇರೆ ಬೇರೆ ರಾಜ್ಯಗಳ ಮಣ್ಣಿನಲ್ಲಿ ವರ್ಷಗಟ್ಟಲೆ ಇವುಗಳನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಅಲ್ಲಿ ಇಂಥ ಔಷಧಿಗೆ ಅನುಮತಿ ಸಿಗಲು ಕನಿಷ್ಠ 5 ವರ್ಷ ಗೆದ್ದಲು ತಡೆದು ತೋರಿಸಬೇಕು. ಅದೂ ಸರಿಯಾದ ಪ್ರಮಾಣದಲ್ಲಿ ಹಾಕಿ, ಮಣ್ಣು ಕದಲಿಸದೆ ಬಿಟ್ಟಾಗ.

ಕಾಂಕ್ರೀಟ್ ಅಡಿಯಲ್ಲಿ ಮುಚ್ಚಿಕೊಂಡ ಔಷಧಿ ಹೆಚ್ಚು ಕಾಲ ಬಾಳುತ್ತದೆ. ಮನೆಯ ಹೊರಸುತ್ತಿನದು ಬಿಸಿಲು, ಮಳೆಗೆ ಸಿಕ್ಕಿ ಬೇಗ ಹೋಗುತ್ತದೆ. ಕ್ಷಾರ ಹೆಚ್ಚಿರುವ ಮಣ್ಣಿನಲ್ಲಿ ಕ್ಲೋರ್‌ಪೈರಿಫಾಸ್ ಇನ್ನೂ ಬೇಗ ಒಡೆದುಹೋಗುತ್ತದೆ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನವರು ಇದನ್ನು ನೆನಪಿಡಬೇಕು. ಹಾಗಾಗಿ ಹತ್ತು ವರ್ಷದ ಗ್ಯಾರಂಟಿ ಅಂದರೆ ಔಷಧಿ ಅಷ್ಟು ವರ್ಷ ಇರುತ್ತದೆ ಅಂತಲ್ಲ. ಗೆದ್ದಲು ಬಂದರೆ ಮತ್ತೆ ಬಂದು ಹೊಡೆಯುತ್ತೇವೆ ಎಂಬ ಮಾತು, ಅಷ್ಟೇ. ಹಾಳಾದ ಬಾಗಿಲು, ವಾರ್ಡ್‌ರೋಬಿಗೆ ದುಡ್ಡು ಕೊಡುತ್ತೇವೆ ಎಂದು ನಮ್ಮ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಕೊನೆಗೆ ನಾವು ಬೇರೆಯವರನ್ನು ಕರೆಸಿದೆವು. ಗೋಡೆ ಮತ್ತು ನೆಲ ಸೇರುವ ಕಡೆ ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಒಳಗಿನ ಮಣ್ಣಿಗೆ ಇಳಿಯುವ ತನಕ ಔಷಧಿ ಬಿಟ್ಟು, ತೂತು ಮುಚ್ಚಿದರು. ಚೆನ್ನಾಗಿದ್ದ ಟೈಲ್ಸ್ ತುಂಬ ಮಚ್ಚೆಗಳಾದವು. ಚೌಕಟ್ಟು ಕಿತ್ತು ಬೇರೆ ಹಾಕಿಸಬೇಕಾಯಿತು.

ನೀವು ಈಗ ಕಟ್ಟಿಸುತ್ತಿದ್ದರೆ ಕೆಲಸದ ಸರದಿಯನ್ನು ಮೇಸ್ತ್ರಿ, ಪ್ಲಂಬರ್, ಔಷಧಿಯವರು ಮೂವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ. ಪ್ಲಿಂತ್ ಒಳಗಿನ ಪೈಪ್ ಕೆಲಸವೆಲ್ಲ ಮುಗಿದ ಮೇಲೆ ಔಷಧಿ. ಮಳೆ ಬರುವಂತಿದ್ದರೆ, ಮಣ್ಣು ಒದ್ದೆಯಿದ್ದರೆ ಆ ದಿನ ಬೇಡ. ಔಷಧಿ ಇಂಗಿದ ಮೇಲೆ ತಡ ಮಾಡದೆ ಬೆಡ್ ಕಾಂಕ್ರೀಟ್ ಬೀಳಬೇಕು. ನಮ್ಮ ಪಕ್ಕದ ಸೈಟಿನಲ್ಲಿ ಹೊಡೆದು ವಾರಗಟ್ಟಲೆ ಬಿಸಿಲಿಗೆ ಬಿಟ್ಟಿದ್ದರು, ಆ ದುಡ್ಡು ಸುಮ್ನೆ ದಂಡ. ಆಮೇಲೆ ಎಲ್ಲಾದರೂ ಅಗೆದರೆ ಅಷ್ಟು ಜಾಗಕ್ಕೆ ಮತ್ತೆ ಹೊಡೆಯುವುದು ಯಾರ ಖರ್ಚು ಎಂದು ಕಾಗದದಲ್ಲೇ ಬರೆಸಿಕೊಳ್ಳಿ. ಜೊತೆಗೆ ಔಷಧಿ ಹೆಸರು, ಪರ್ಸೆಂಟ್, ಎಷ್ಟು ಲೀಟರ್ ಬಳಸಿದರು ಎಂಬುದು ಬಿಲ್‌ನಲ್ಲಿ ಇರಲಿ.

ಮನೆ ಆಗಲೇ ಕಟ್ಟಿದ್ದರೆ ಮೊದಲ ಮಳೆ ಬಿದ್ದ ಮೇಲೆ ಗಮನಿಸಿ. ಮನೆಯೊಳಗೇ ಈಸಲು ಹುಳ ಎದ್ದರೆ, ಕಿಟಕಿ ಕೆಳಗೆ ಅವುಗಳ ರೆಕ್ಕೆ ರಾಶಿ ಬಿದ್ದಿದ್ದರೆ, ಗೂಡು ತೀರಾ ಹತ್ತಿರದಲ್ಲೇ ಇದೆ. ಹೂವಿನ ಗಿಡಕ್ಕೆಂದು ಗೋಡೆಗೆ ಒರಗಿಸಿ ಮಣ್ಣು ಏರಿಸಿದ್ದರೆ ತೆಗೆಸಿ, ಗೆದ್ದಲು ಔಷಧಿಯ ಪಟ್ಟಿಯನ್ನು ದಾಟಿ ಆ ಮಣ್ಣಿನ ಮೂಲಕವೇ ಹತ್ತುತ್ತದೆ. ಬಾವಿ, ಸಂಪ್ ಹತ್ತಿರವಿದ್ದರೆ ಔಷಧಿಯವರಿಗೆ ಮೊದಲೇ ತೋರಿಸಿ, ಆ ಪಕ್ಕ ಹೊಡೆಯಲು ಬಿಡಬೇಡಿ. ಕುಡಿಯುವ ನೀರಿಗೆ ಸೇರಿದರೆ ಗೆದ್ದಲಿಗಿಂತ ದೊಡ್ಡ ತೊಂದರೆ.